ಡೈರಿ ಬರೆಯುವ ಮೊದಲು ನಾನೇ ಕಳ್ಳಿಯಾದೆ

ಡೈರಿ ಆಪ್‌ನಲ್ಲಿ ಮೊದಲ ವಾರ ನಾನು ಬರೆದದ್ದೆಲ್ಲ ಸುಳ್ಳು. "ಇವತ್ತು ನೀಲಿ ಆನೆಯೊಂದು ಮಹಡಿ ಹತ್ತಿತು" ಎನ್ನುವಂಥ ಸಾಲುಗಳು. ಹುಡುಗಾಟಕ್ಕೆ ಬರೆದದ್ದಲ್ಲ. ಅದಕ್ಕೆ ಮುಂಚೆ ಒಮ್ಮೆ ನಿಜ ಬರೆದು ಸಿಕ್ಕಿಬಿದ್ದಿದ್ದೆ.

ಆಗ ಇನ್ನೊಂದು ಆಪ್ ಇತ್ತು, ಪಿನ್ ಕೂಡ ಹಾಕಿದ್ದೆ. ಮೂರು ದಿನ ಬರೆದೆ. ಕೆಲಸ ಬಿಡಬೇಕು ಅನ್ನಿಸುತ್ತಿದೆ, ರಾಜೀನಾಮೆ ಕೊಡಲಾ ಬೇಡವಾ ಅಂತೆಲ್ಲ. ನಾಲ್ಕನೇ ದಿನ ನನ್ನ ಕೈ ಒದ್ದೆಯಾಗಿತ್ತು ಅಂತ ತಂಗಿಯೇ ನನ್ನ ಫೋನ್ ತೆಗೆದುಕೊಂಡು ಯಾರಿಗೋ ಉತ್ತರ ಟೈಪ್ ಮಾಡುತ್ತಿದ್ದಳು. "ರಾ" ಅಂತ ಒತ್ತಿದಳು, "ರಾತ್ರಿ" ಬರೆಯಲು. ಕೀಬೋರ್ಡ್ ಮೇಲೆ ಬಂದ ಮೊದಲ ಪದ "ರಾಜೀನಾಮೆ". "ಅಕ್ಕಾ, ಯಾರದು ರಾಜೀನಾಮೆ?" ಅಂದಳು. ಏನೋ ಹೇಳಿ ತಪ್ಪಿಸಿಕೊಂಡೆ. ಅವತ್ತು ರಾತ್ರಿಯೇ ಆಪ್ ಅಳಿಸಿದೆ. ಮತ್ತೆ ಒಂದು ವರ್ಷ ಏನೂ ಬರೆಯಲಿಲ್ಲ.

ತಪ್ಪು ಆ ಆಪ್‌ದಲ್ಲ ಅಂತ ತಿಳಿದದ್ದು ಆಮೇಲೆ. ಪಿನ್ ಅನ್ನೋದು ಆಪ್‌ನ ಬಾಗಿಲಿಗೆ ಹಾಕಿದ ಚಿಲಕ ಅಷ್ಟೆ. ಕೀಬೋರ್ಡ್ ಬೇರೆಯದೇ ಆಪ್, ಅದು ಬಾಗಿಲ ಹೊರಗಿದೆ. ನಾವು ಎಲ್ಲಿ ಏನು ಟೈಪ್ ಮಾಡಿದರೂ ಅದರ ಕೈಯಿಂದಲೇ ಹೋಗಬೇಕು, ಅದು ಪದಗಳನ್ನು ಕಲಿಯುತ್ತದೆ. ಆಂಡ್ರಾಯ್ಡ್‌ನಲ್ಲಿ "ಇಲ್ಲಿ ಬರೆದದ್ದನ್ನು ಕಲಿಯಬೇಡ" ಅಂತ ಕೀಬೋರ್ಡಿಗೆ ಹೇಳುವ ಅನುಕೂಲ ಆಪ್ ಮಾಡುವವರಿಗೆ ಇದೆ. ಹೇಳಿದ್ದಾರೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಹಾಗಾಗಿ ಎರಡನೇ ಸಲ ಶುರು ಮಾಡುವಾಗ ಒಂದು ನಿರ್ಧಾರ ಮಾಡಿದೆ. ಮೊದಲು ನಾನೇ ಕಳ್ಳಿಯಾಗಿ ನನ್ನ ಡೈರಿ ಕದಿಯಲು ನೋಡಬೇಕು. ಕದಿಯಲು ಆಗದಿದ್ದರೆ ಆಮೇಲೆ ನಿಜ ಬರೆಯೋಣ.

ಕೀಬೋರ್ಡ್ ಪರೀಕ್ಷೆ ಸುಲಭ. ಯಾವ ನಿಘಂಟಿನಲ್ಲೂ ಇಲ್ಲದ ಪದವೊಂದನ್ನು ಹುಟ್ಟಿಸಿದೆ, "ಝಂಪಟಿಗೆ". ಡೈರಿಯಲ್ಲಿ ಅದನ್ನು ಐದಾರು ಸಲ ಬರೆದೆ. ಆಮೇಲೆ ಮೆಸೇಜ್ ಆಪ್ ತೆರೆದು "ಝಂ" ಅಂತ ಒತ್ತಿದೆ. ನಾನು ನೋಡಿದ ಮೂರು ಆಪ್‌ಗಳಲ್ಲಿ ಎರಡರ ಝಂಪಟಿಗೆ ಹೊರಗೆ ಬಂದೇ ಬಂತು. ಕೊನೆಗೆ ಕೀಬೋರ್ಡ್ ಸೆಟ್ಟಿಂಗ್ಸ್‌ಗೇ ಹೋಗಿ ಪದ ಕಲಿಯುವುದನ್ನು ನಿಲ್ಲಿಸಿದೆ, ಅಲ್ಲಿಯವರೆಗೆ ಕಲಿತದ್ದನ್ನು ಅಳಿಸಿದೆ. ಟೈಪಿಂಗ್ ಸ್ವಲ್ಪ ನಿಧಾನವಾಯಿತು, ಇರಲಿ. ಈಗ ಕೀಬೋರ್ಡಿಗೆ ನನ್ನ ಹೆಸರೇ ನೆನಪಿಲ್ಲ.

ಎರಡನೆಯದು ಫಿಂಗರ್‌ಪ್ರಿಂಟ್. ಇದರಲ್ಲಿ ನನಗೆ ನಿಜಕ್ಕೂ ಬೆವರು ಬಂತು. ಆಪ್‌ಗೆ ಫಿಂಗರ್‌ಪ್ರಿಂಟ್ ಲಾಕ್ ಹಾಕಿದರೆ ಅದು ನನ್ನ ಬೆರಳನ್ನು ಮಾತ್ರ ಗುರುತಿಸುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಆಪ್ ಸುಮ್ನೆ ಫೋನನ್ನು ಕೇಳುತ್ತದೆ, "ಇದು ನಿನಗೆ ಗೊತ್ತಿರುವ ಬೆರಳಾ?" ಅಂತ. ಫೋನ್ ಹೌದು ಅಂದರೆ ಬಾಗಿಲು ತೆರೆಯಿತು. ನನ್ನ ಫೋನಿಗೆ ಗೊತ್ತಿದ್ದ ಬೆರಳು ಮೂರು, ಅದರಲ್ಲಿ ಒಂದು ತಂಗಿಯದು! ಯಾವತ್ತೋ ಕರೆ ತೆಗೆದುಕೊಳ್ಳಲಿ, ಫೋಟೋ ನೋಡಲಿ ಅಂತ ನಾನೇ ಸೇರಿಸಿದ್ದೆ.

ಇದರ ಜೊತೆಗೇ ಇನ್ನೊಂದು ಇದೆ. ಬೇಕಂತಲೇ ತಪ್ಪು ಬೆರಳನ್ನು ನಾಲ್ಕೈದು ಸಲ ಇಟ್ಟು ನೋಡಿ. ಆಮೇಲೆ ಆಪ್ ಏನು ಕೇಳುತ್ತದೆ ಅನ್ನೋದು ಮುಖ್ಯ. ತನ್ನದೇ ಪಿನ್ ಕೇಳಿದರೆ ಸರಿ. ಫೋನಿನ ಪಿನ್ ಕೇಳಿದರೆ, ಫೋನಿನ ಪಿನ್ ಗೊತ್ತಿರುವವರಿಗೆಲ್ಲ ನಿಮ್ಮ ಡೈರಿ ತೆರೆದೇ ಇದೆ ಅಂತ ಅರ್ಥ. ಮನೆಯಲ್ಲಿ ಎಷ್ಟು ಜನರಿಗೆ ಗೊತ್ತಿದೆ ಅಂತ ಲೆಕ್ಕ ಹಾಕಿದೆ. ಎಲ್ಲರಿಗೂ. ಹಾಗಾಗಿ ಫಿಂಗರ್‌ಪ್ರಿಂಟ್ ತೆಗೆದೆ, ಆಪ್‌ಗೆ ಪ್ರತ್ಯೇಕ ಪಿನ್ ಇಟ್ಟೆ. ಯಾರ ಹುಟ್ಟಿದ ದಿನವೂ ಅಲ್ಲದ ಸಂಖ್ಯೆ. ತಂಗಿಯ ಬೆರಳನ್ನು ಫೋನಿನಿಂದ ತೆಗೆಯಲಿಲ್ಲ. ತೆಗೆದಿದ್ದರೆ "ಯಾಕೆ ತೆಗೆದೆ?" ಅಂತ ಕೇಳುತ್ತಿದ್ದಳು, ಅದಕ್ಕೆ ಉತ್ತರ ಹೊಂದಿಸುವುದು ನನ್ನಂಥವಳಿಗೆ ಇನ್ನೂ ಕಷ್ಟ.

ಉಳಿದವು ಚಿಕ್ಕವು. ಇತ್ತೀಚೆಗೆ ತೆರೆದ ಆಪ್‌ಗಳ ಪಟ್ಟಿ ಬರುತ್ತದಲ್ಲ, ಅಲ್ಲಿ ನೀಲಿ ಆನೆ ಚಿಕ್ಕದಾಗಿ ಕಾಣುತ್ತದೆಯೇ ಅಂತ ನೋಡಿದೆ. ಒಳ್ಳೆಯ ಆಪ್ ಆದರೆ ಅಲ್ಲಿ ಖಾಲಿ ಚೌಕ ಕಾಣಬೇಕು. ಲಾಕ್ ಯಾವಾಗ ಬೀಳುತ್ತದೆ ಅನ್ನೋದನ್ನೂ ನೋಡಿದೆ. ಒಂದು ನಿಮಿಷ ಬಿಟ್ಟು ಅಂತ ಇತ್ತು, "ತಕ್ಷಣ"ಕ್ಕೆ ಬದಲಿಸಿದೆ. ನೆನಪಿಸುವ ನೋಟಿಫಿಕೇಶನ್‌ನಲ್ಲಿ "ಇವತ್ತು ಮನಸ್ಸು ಹೇಗಿತ್ತು?" ಅಂತ ಇತ್ತು. ಅದನ್ನು ನಿಲ್ಲಿಸಿ, ಅದರ ಬದಲು ಫೋನಿನ ಅಲಾರಂಗೆ "ನೀರು" ಅಂತ ಹೆಸರಿಟ್ಟೆ. ಆ ಹೊತ್ತಿಗೆ ನೀರನ್ನೂ ಕುಡಿಯುತ್ತೇನೆ, ಅದು ಬೇರೆ ಮಾತು.

ಬ್ಯಾಕಪ್ ಬಗ್ಗೆ ಮಾತ್ರ ಆತುರ ಮಾಡಬೇಡಿ. ಬರೆದದ್ದೆಲ್ಲ ಫೋನಿನಲ್ಲೇ ಇರುವ ಆಪ್‌ನಲ್ಲಿ, ಪಿನ್ ಮರೆತು ಆಪ್ ಅಳಿಸಿದರೆ ಡೈರಿಯೂ ಹೋಯಿತು. ಬರೆದವರನ್ನು ಬಿಟ್ಟು ಬೇರೆ ಯಾರೂ ಓದಲಾಗದಂತೆ ಸಂಕೇತಕ್ಕೆ ಬದಲಿಸಿ ಇಡುವ ಡೇ ಒನ್‌ನಂಥ ಆಪ್‌ಗಳಲ್ಲಿ ಒಂದು ಕೀಲಿ ಕೊಡುತ್ತಾರೆ. ಅದು ಕಳೆದರೆ ಕಂಪನಿಯವರೂ ತೆರೆದುಕೊಡಲಾರರು. ಗುಟ್ಟು ಜಾಸ್ತಿಯಾದಷ್ಟೂ ಮರೆವಿಗೆ ಕ್ಷಮೆ ಕಡಿಮೆ. ನಾನು ಹತ್ತು ಸುಳ್ಳು ಸಾಲು ಬರೆದು, ಬ್ಯಾಕಪ್ ಮಾಡಿ, ಹಳೆಯ ಫೋನಿನಲ್ಲಿ ಅದನ್ನು ವಾಪಸ್ ತಂದು ನೋಡಿದೆ. ಹತ್ತೂ ಬಂದವು. ಹಾಗೆಯೇ ಒಂದು ಸಲ ಎಕ್ಸ್‌ಪೋರ್ಟ್ ಕೂಡ ಮಾಡಿದೆ. ಆ ಫೈಲ್ ಡೌನ್‌ಲೋಡ್ ಫೋಲ್ಡರಿನಲ್ಲಿ ಹೋಗಿ ಕೂತಿತು, ಮುಟ್ಟಿದರೆ ಪಿನ್ ಕೇಳದೆ ತೆರೆಯಿತು. ಹೊರಗೆ ತಂದ ಫೈಲಿಗೆ ಆಪ್‌ನ ಚಿಲಕ ಇರುವುದಿಲ್ಲ. ತಕ್ಷಣ ಅಳಿಸಿದೆ.

ಇಷ್ಟೆಲ್ಲ ಆದ ಮೇಲೆ ನಾನು ಉಳಿಸಿಕೊಂಡದ್ದು ಡೇಲಿಯೋ. ಕಾರಣ ಸರಳ. ಅಲ್ಲಿ ಒಂದಕ್ಷರವನ್ನೂ ಬರೆಯದೆ ಡೈರಿ ಇಡಬಹುದು. ಐದು ಮುಖಗಳಿರುತ್ತವೆ, ತುಂಬಾ ಚೆನ್ನಾಗಿದೆ ಅನ್ನುವುದರಿಂದ ತೀರಾ ಕೆಟ್ಟದಾಗಿದೆ ಅನ್ನುವವರೆಗೆ. ಒಂದನ್ನು ಒತ್ತಿ, ಅವತ್ತು ಏನು ಮಾಡಿದೆ ಅನ್ನುವ ಟ್ಯಾಗ್ ಒಂದೆರಡು ಒತ್ತಿದರೆ ಮುಗಿಯಿತು. ಅಕೌಂಟ್ ಬೇಡ. ಖಾಲಿ ಪುಟ ನೋಡಿದರೆ ಕೈ ನಡುಗುವವರಿಗೆ ಇದು ಒಳ್ಳೆಯ ಬಾಗಿಲು.

ಆದರೆ ಮೊದಲ ಹತ್ತು ದಿನ ನನ್ನ ಮುಖ ಒಂದೇ, ನಡುವಿನದು. ಸುಮಾರು, ಸುಮಾರು, ಸುಮಾರು. ಬದುಕು ಅಷ್ಟು ಸಮವಾಗಿರಲಿಲ್ಲ. ಯಾರಾದರೂ "ಹೇಗಿದ್ದೀಯ?" ಅಂದರೆ "ಪರವಾಗಿಲ್ಲ" ಅನ್ನುವ ಅಭ್ಯಾಸ ನನ್ನದು. ಅದನ್ನೇ ಆಪ್‌ಗೂ ಹೇಳುತ್ತಿದ್ದೆ. ಮನಸ್ಸನ್ನು ನೇರವಾಗಿ ಕೇಳಿದರೆ ನಾಚಿಕೊಳ್ಳುತ್ತದೆ. ಹಾಗಾಗಿ ಮುಖಗಳ ಹೆಸರನ್ನೇ ಬದಲಿಸಿದೆ, ನಾನು ಮಾಡುವ ಕೆಲಸದ ಮೇಲೆ. ತೀರಾ ಕೆಳಗಿನ ಮುಖ ಅಂದರೆ ಊಟ ಬಿಟ್ಟು ಮಲಗಿದೆ. ಅದರ ಮೇಲಿನದು, ಫೋನ್ ರಿಂಗಾದರೂ ಎತ್ತಲಿಲ್ಲ. ನಡುವಿನದು, ಎತ್ತಿ ಬೇಗ ಮುಗಿಸಿದೆ. ನಾಲ್ಕನೆಯದು, ನಾನಾಗಿಯೇ ಯಾರಿಗೋ ಫೋನ್ ಮಾಡಿದೆ. ಮೇಲಿನದು, ಒಬ್ಬಳೇ ಇದ್ದಾಗ ಹಾಡಿಕೊಂಡೆ. ಇದರಲ್ಲಿ ಸುಳ್ಳು ಹೇಳುವುದು ಕಷ್ಟ. ಎತ್ತಿದೆನೋ ಇಲ್ಲವೋ, ಅಷ್ಟೇ ಪ್ರಶ್ನೆ.

ಹೊತ್ತನ್ನೂ ಗಟ್ಟಿ ಮಾಡಿದೆ. ಮಧ್ಯಾಹ್ನ 2ಕ್ಕೆ ಒಂದು, ರಾತ್ರಿ 9ಕ್ಕೆ ಒಂದು. ಬೇಜಾರಾದಾಗ ಮಾತ್ರ ಆಪ್ ತೆರೆದರೆ ತಿಂಗಳ ಚಿತ್ರ ಪೂರ್ತಿ ಬೇಜಾರಾಗಿಯೇ ಕಾಣುತ್ತದೆ. ಒಂದು ದಿನ ತಪ್ಪಿದರೆ ಮಾರನೇ ದಿನ ನೆನಪಿನಿಂದ ತುಂಬಬಾರದು, ಖಾಲಿ ಬಿಡಬೇಕು ಅಂತಲೂ ನಿರ್ಧರಿಸಿದೆ.

ನಾಲ್ಕು ವಾರ, 28 ರಾತ್ರಿ. ಒಂದೂ ತಪ್ಪಲಿಲ್ಲ, ಅದೇ ಆಶ್ಚರ್ಯ. ಕೆಳಗಿನ ಎರಡು ಮುಖಗಳು ಬಂದದ್ದು 9 ರಾತ್ರಿ. ಅದರಲ್ಲಿ 7ಕ್ಕೆ "ಮೀಟಿಂಗ್" ಟ್ಯಾಗ್ ಇತ್ತು. ಓಹೋ, ಮೀಟಿಂಗೇ ಶತ್ರು ಅಂದುಕೊಂಡೆ. ಆದರೆ ಇಷ್ಟಕ್ಕೇ ನಂಬಬಾರದು. ಮೀಟಿಂಗ್ ಇದ್ದೂ ಚೆನ್ನಾಗಿದ್ದ ದಿನ ಎಷ್ಟು ಅಂತಲೂ ಎಣಿಸಬೇಕು. ಎಣಿಸಿದೆ. ಮೀಟಿಂಗ್ ಇದ್ದ ದಿನ 12, ಅದರಲ್ಲಿ 5 ರಾತ್ರಿ ನಾನು ಆರಾಮಾಗಿದ್ದೆ. ಮೀಟಿಂಗ್ ಇಲ್ಲದ ದಿನ 16, ಅದರಲ್ಲಿ ಕೆಟ್ಟ ರಾತ್ರಿ ಎರಡೇ. ಮೀಟಿಂಗಿಗೆ ಸಂಬಂಧ ಇದೆ, ಸರಿ. ಆದರೆ ಆ 5 ದಿನ ಯಾಕೆ ಬೇರೆ?

ಆ ಟ್ಯಾಗನ್ನು ಎರಡಾಗಿ ಒಡೆದೆ. "ಮಾತಾಡಿದೆ" ಒಂದು, "ಮಾತು ನುಂಗಿದೆ" ಇನ್ನೊಂದು. ಮುಂದಿನ ನಾಲ್ಕು ವಾರದಲ್ಲಿ ಮೀಟಿಂಗ್ ದಿನ 11. ಮಾತಾಡಿದ 5 ದಿನಗಳಲ್ಲಿ ಕೆಟ್ಟ ರಾತ್ರಿ ಒಂದು. ನುಂಗಿದ 6 ದಿನಗಳಲ್ಲಿ ಐದು.

ಇಲ್ಲೂ ಒಂದು ಅನುಮಾನ ಉಳಿಯಿತು. ಮನಸ್ಸು ಮೊದಲೇ ಕೆಟ್ಟಿದ್ದರಿಂದ ಮಾತು ಬರಲಿಲ್ಲವೋ, ಮಾತು ಬಾರದ್ದರಿಂದ ಕೆಟ್ಟಿತೋ? ಮಧ್ಯಾಹ್ನದ ಮುಖ ಕೈಹಿಡಿದದ್ದು ಇಲ್ಲೇ. ನಮ್ಮ ಮೀಟಿಂಗ್ ಸಂಜೆ 4ಕ್ಕೆ. ನುಂಗಿದ 6 ದಿನಗಳಲ್ಲಿ 4 ದಿನ ಮಧ್ಯಾಹ್ನ 2ಕ್ಕೆ ನಾನು ನಡುವಿನ ಮುಖ ಅಥವಾ ಅದಕ್ಕಿಂತ ಮೇಲಿನದನ್ನು ಒತ್ತಿದ್ದೆ. ಅಂದರೆ ಹೆಚ್ಚಿನ ಸಲ ಒಳಗೆ ಹೋಗುವಾಗ ಚೆನ್ನಾಗಿಯೇ ಇದ್ದೆ. ಆರು ದಿನದ ಲೆಕ್ಕ ತೀರಾ ಚಿಕ್ಕದು, ಗೊತ್ತು. ಆಪ್ ಇದನ್ನು ಗ್ರಾಫ್ ಮಾಡಿ ಬಣ್ಣ ಬಳಿದು ತೋರಿಸಿದರೂ ಆರು ಅರವತ್ತಾಗುವುದಿಲ್ಲ.

ಆದರೆ ಅವತ್ತಿನಿಂದ ಬರೆಯಲು ನನಗೆ ಒಂದು ವಿಷಯ ಸಿಕ್ಕಿತು. ಇಡೀ ದಿನದ ಕಥೆ ಬರೆಯುವುದಿಲ್ಲ. ಯಾವ ಮಾತು ನುಂಗಿದೆನೋ ಆ ಒಂದು ಮಾತನ್ನು ಇದ್ದ ಹಾಗೆ ಬರೆಯುತ್ತೇನೆ. "ಈ ಕೆಲಸ ಶುಕ್ರವಾರಕ್ಕೆ ಆಗಲ್ಲ, ಸೋಮವಾರ ಕೊಡ್ತೀನಿ." ಇದು ಮೊದಲನೆಯದು. ಇವತ್ತಿಗೆ ಹದಿನಾಲ್ಕು ಆಗಿವೆ. ಅದರಲ್ಲಿ ಮೂರನ್ನು ಮುಂದಿನ ಮೀಟಿಂಗಿನಲ್ಲಿ ಹೇಳಿದ್ದೇನೆ. ಶುಕ್ರವಾರದ್ದು ಮಾತ್ರ ಇನ್ನೂ ಒಳಗೇ ಇದೆ.