ಪುಟ ಕೆಡಿಸುತ್ತಿರುವ ಎಕ್ಸ್‌ಟೆನ್ಷನ್ ಯಾವುದು? ಹಿಡಿಯುವ ದಾರಿ ಇಲ್ಲಿದೆ

ತ್ಯಾಗರಾಜನಗರದಲ್ಲಿರುವ ನಮ್ಮ ಅತ್ತಿಗೆ ಕಳೆದ ತಿಂಗಳು ಫೋನ್ ಮಾಡಿ, "ಒಂದು ಅರ್ಜಿ ತುಂಬ್ತಾ ಇದೀನಿ ಕಣೋ, ಬಡಾವಣೆ ಆರಿಸಿದ್ರೆ ಅಡ್ಡರಸ್ತೆಗಳ ಪಟ್ಟಿನೇ ಬರ್ತಿಲ್ಲ. ಪಕ್ಕದ ಮನೆಯವರ ಕಂಪ್ಯೂಟರ್‌ನಲ್ಲಿ ಬರತ್ತೆ, ನಂದರಲ್ಲಿ ಖಾಲಿ" ಅಂದರು. ಅವರು ಸದಸ್ಯರಾಗಿರುವ ಗೃಹ ನಿರ್ಮಾಣ ಸಹಕಾರ ಸಂಘದಲ್ಲಿ ವಿಳಾಸ ತಿದ್ದಿಸುವ ಅರ್ಜಿ ಅದು. ಮೊದಲ ಚೌಕದಲ್ಲಿ ಬಡಾವಣೆ ಆರಿಸಿದರೆ ಎರಡನೆಯದರಲ್ಲಿ ಆ ಬಡಾವಣೆಯ ಕ್ರಾಸ್‌ಗಳು ತಾವಾಗಿ ಬಂದು ಕೂರಬೇಕು. ಅಡ್ಡರಸ್ತೆ ನಮೂದಿಸದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

ಒಂದೇ ಪುಟ ಪಕ್ಕದ ಮನೆಯಲ್ಲಿ ಸರಿಯಾಗಿದ್ದು ನಮ್ಮಲ್ಲಿ ಮಾತ್ರ ಕೆಟ್ಟಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಬ್ರೌಸರ್‌ಗೆ ನಾವೇ ಸೇರಿಸಿಕೊಂಡ ಎಕ್ಸ್‌ಟೆನ್ಷನ್‌ಗಳನ್ನು. ಅತ್ತಿಗೆಯ ಕ್ರೋಮ್‌ನಲ್ಲಿ ಅಂಥವು ಎಂಟಿದ್ದವು: ಪಾಸ್‌ವರ್ಡ್ ನೆನಪಿಡುವುದು, ಕನ್ನಡ ಟೈಪಿಂಗ್‌ನದು, ಪುಟವನ್ನು ಕಪ್ಪು ಬಣ್ಣಕ್ಕೆ ತಿರುಗಿಸುವುದು, ಜಾಹೀರಾತು ತಡೆಯುವುದು, ಶಾಪಿಂಗ್ ಕೂಪನ್ ಹುಡುಕುವುದು, ಇಂಗ್ಲಿಷ್ ವ್ಯಾಕರಣ ತಿದ್ದುವುದು, ಸ್ಕ್ರೀನ್‌ಶಾಟ್ ತೆಗೆಯುವುದು, ನಮ್ಮನ್ನು ಹಿಂಬಾಲಿಸುವ ಟ್ರ್ಯಾಕರ್‌ಗಳನ್ನು ತಡೆಯುವುದು.

ಹುಡುಕಾಟಕ್ಕೆ ಇಳಿಯುವ ಮೊದಲು ತೊಂದರೆಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. "ಪುಟ ಸರಿ ಇಲ್ಲ" ಎಂದಲ್ಲ. ಏನು ಮಾಡಿದರೆ ಏನಾಗುತ್ತದೆ ಎಂದು. ನಾನು ಬರೆದುಕೊಂಡಿದ್ದು ಇಷ್ಟು: ಪುಟ ತೆರೆ, ಬಡಾವಣೆ ಆರಿಸು, ಎರಡನೇ ಚೌಕ ಒತ್ತು, ಪಟ್ಟಿ ಬಂತೋ ಇಲ್ಲವೋ ನೋಡು. ಇಪ್ಪತ್ತು ಸೆಕೆಂಡಿನ ಕೆಲಸ. ಇದನ್ನೇ ಮತ್ತೆ ಮತ್ತೆ ಮಾಡಬೇಕಿರುವುದರಿಂದ ಪರೀಕ್ಷೆ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಹಣ ಕಟ್ಟುವ ಪುಟವಾಗಿದ್ದರೆ ಕೊನೆಯ ಬಟನ್ ಒತ್ತುವ ಮೊದಲೇ ಕಾಣುವ ಗುರುತೊಂದನ್ನು ಹುಡುಕಿಕೊಳ್ಳಿ. ಪರೀಕ್ಷೆಗೆಂದು ಎರಡು ಸಲ ದುಡ್ಡು ಹೋಗುವುದು ಬೇಡ.

ಮೊದಲು ಖಾಲಿ ಪ್ರೊಫೈಲ್

ಪ್ರೊಫೈಲ್ ಎಂದರೆ ಬ್ರೌಸರ್‌ನೊಳಗಿನ ನಮ್ಮ ಪ್ರತ್ಯೇಕ ಕೋಣೆ. ಎಕ್ಸ್‌ಟೆನ್ಷನ್, ಕುಕೀ, ಉಳಿಸಿಟ್ಟ ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ಅದರೊಳಗೇ ಇರುತ್ತವೆ. ಹೊಸ ಪ್ರೊಫೈಲ್ ತೆರೆದರೆ ಇವ್ಯಾವುವೂ ಇಲ್ಲದ ಬರಿ ಬ್ರೌಸರ್ ಸಿಗುತ್ತದೆ. ಹಳೆಯದಕ್ಕೆ ಏನೂ ಆಗುವುದಿಲ್ಲ.

ಕ್ರೋಮ್‌ನಲ್ಲಿ ಬಲಗಡೆ ಮೇಲಿರುವ ನಿಮ್ಮ ಚಿತ್ರ ಒತ್ತಿದರೆ ಹೊಸ ಪ್ರೊಫೈಲ್ ಸೇರಿಸುವ ಆಯ್ಕೆ ಇರುತ್ತದೆ. ಖಾತೆಗೆ ಸೈನ್ ಇನ್ ಆಗಿ ಎಂದು ಅದು ಕೇಳಿದಾಗ ಒಪ್ಪಬೇಡಿ, ಖಾತೆ ಇಲ್ಲದೆಯೇ ಮುಂದುವರಿಯಿರಿ. ಸೈನ್ ಇನ್ ಆಗಿ ಸಿಂಕ್ ಶುರುವಾದರೆ ಹಳೆಯ ಎಕ್ಸ್‌ಟೆನ್ಷನ್‌ಗಳೆಲ್ಲ ಹಿಂದೆಯೇ ಬಂದು ಇಳಿಯುತ್ತವೆ, ಆಮೇಲೆ ಅದು ಖಾಲಿ ಪ್ರೊಫೈಲ್ ಆಗಿ ಉಳಿಯುವುದಿಲ್ಲ. ಫೈರ್‌ಫಾಕ್ಸ್ ಬಳಸುವವರು ಅಡ್ರೆಸ್ ಬಾರ್‌ನಲ್ಲಿ `about:profiles` ಎಂದು ಟೈಪ್ ಮಾಡಿ ಹೊಸ ಪ್ರೊಫೈಲ್ ಮಾಡಿಕೊಳ್ಳಬಹುದು, ಅಲ್ಲಿಂದಲೇ ಅದನ್ನು ಬೇರೆ ಕಿಟಕಿಯಲ್ಲಿ ತೆರೆಯಬಹುದು.

ಇನ್‌ಕಾಗ್ನಿಟೋ ಸಾಲದೇ ಎಂದು ಅನೇಕರು ಕೇಳುತ್ತಾರೆ. ಅವಸರಕ್ಕೆ ಆಗುತ್ತದೆ, ಆದರೆ ಅಲ್ಲಿಯೂ ಓಡಲು ನೀವೇ ಹಿಂದೊಮ್ಮೆ ಅನುಮತಿ ಕೊಟ್ಟ ಎಕ್ಸ್‌ಟೆನ್ಷನ್ ಇದ್ದರೆ ಅದು ಓಡುತ್ತಲೇ ಇರುತ್ತದೆ. ಅತ್ತಿಗೆ ಜಾಹೀರಾತು ತಡೆಯುವುದಕ್ಕೆ ಆ ಅನುಮತಿ ಕೊಟ್ಟಿದ್ದರು. ಹಾಗಾಗಿ ಇನ್‌ಕಾಗ್ನಿಟೋದಲ್ಲೂ ಪಟ್ಟಿ ಖಾಲಿಯೇ ಬಂದು, "ನೋಡು, ತಪ್ಪು ಪುಟದ್ದೇ" ಎಂದು ಅವರು ನಂಬಿಬಿಟ್ಟಿದ್ದರು.

ಖಾಲಿ ಪ್ರೊಫೈಲ್‌ನಲ್ಲೂ ಪುಟ ಕೆಟ್ಟೇ ಇದ್ದರೆ ಎಕ್ಸ್‌ಟೆನ್ಷನ್ ಹುಡುಕಾಟ ಅಲ್ಲಿಗೇ ಬಿಡಿ. ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾಯಿಸಿ ನೋಡಿ, ಆ್ಯಂಟಿವೈರಸ್ ಅಡ್ಡ ಬರುತ್ತಿದೆಯೇ ನೋಡಿ. ಆಫೀಸಿನ ಲ್ಯಾಪ್‌ಟಾಪ್ ಆದರೆ `chrome://policy` ತೆರೆಯಿರಿ. ಕಂಪನಿ ಹೇರಿದ ನಿಯಮಗಳು, ಎಕ್ಸ್‌ಟೆನ್ಷನ್‌ಗಳು ಹೊಸ ಪ್ರೊಫೈಲ್‌ಗೂ ಅಂಟಿಕೊಂಡು ಬರಬಹುದು. ಅತ್ತಿಗೆಯ ಲ್ಯಾಪ್‌ಟಾಪ್‌ನ ಖಾಲಿ ಪ್ರೊಫೈಲ್‌ನಲ್ಲಿ ಮಾತ್ರ ಮೊದಲ ಕ್ರಾಸ್‌ನಿಂದ ಕೊನೆಯ ಕ್ರಾಸ್‌ವರೆಗೆ ಪಟ್ಟಿ ಸರಸರನೆ ಬಂತು.

ಆಮೇಲೆ ಹಳೆಯ ಪ್ರೊಫೈಲ್‌ನಲ್ಲಿ ಎಲ್ಲವನ್ನೂ ಆಫ್ ಮಾಡಿ

ನಾನು ಎಡವಿದ್ದು ಇಲ್ಲೇ. ಖಾಲಿ ಪ್ರೊಫೈಲ್‌ನಲ್ಲಿ ಸರಿ ಬಂದ ಕೂಡಲೇ ಹಳೆಯದಕ್ಕೆ ಹೋಗಿ `chrome://extensions` ತೆರೆದೆ. ಒಂದನ್ನು ಆಫ್ ಮಾಡುವುದು, ಪರೀಕ್ಷಿಸುವುದು, ಮತ್ತೆ ಆನ್ ಮಾಡುವುದು, ಮುಂದಿನದಕ್ಕೆ ಹೋಗುವುದು. ಎಂಟೂ ಮುಗಿದವು. ಎಂಟು ಸಲವೂ ಪಟ್ಟಿ ಖಾಲಿ. ಹಾಗಾದರೆ ಎಕ್ಸ್‌ಟೆನ್ಷನ್ ಕಾರಣವಲ್ಲ, ಹಳೆಯ ಕುಕೀ ಇರಬೇಕು ಎಂದುಕೊಂಡು ಆ ಸೈಟಿನ ಕುಕೀ ಅಳಿಸಿದೆ. ಆಗಲೂ ಖಾಲಿ.

ಮಾಡಬೇಕಿದ್ದದ್ದು ತಿರುಗುಮುರುಗು. ಮೊದಲು ಎಂಟನ್ನೂ ಒಟ್ಟಿಗೆ ಆಫ್ ಮಾಡಿ ನೋಡಬೇಕಿತ್ತು. ಈ ಒಂದು ಪರೀಕ್ಷೆ ಕುಕೀಯನ್ನೂ ಎಕ್ಸ್‌ಟೆನ್ಷನ್‌ನನ್ನೂ ಬೇರ್ಪಡಿಸುತ್ತದೆ. ಎಲ್ಲ ಆಫ್ ಆದ ಮೇಲೂ ಪುಟ ಕೆಟ್ಟಿದ್ದರೆ ಕಾರಣ ಆ ಪ್ರೊಫೈಲ್‌ನ ಕುಕೀ, ಕ್ಯಾಶ್ ಅಥವಾ ಸೆಟ್ಟಿಂಗ್. ಸರಿಯಾದರೆ ಕಾರಣ ಎಕ್ಸ್‌ಟೆನ್ಷನ್‌ಗಳಲ್ಲೇ ಇದೆ. ನಾನು ತಡವಾಗಿ ಎಲ್ಲವನ್ನೂ ಆಫ್ ಮಾಡಿದಾಗ ಪಟ್ಟಿ ಬಂದೇ ಬಂತು.

ಎಲ್ಲ ಆಫ್ ಮಾಡಿದರೆ ಸರಿ, ಯಾವ ಒಂದನ್ನು ಆಫ್ ಮಾಡಿದರೂ ಸರಿಯಿಲ್ಲ. ಇದಕ್ಕೆ ಅರ್ಥ ಒಂದೇ: ತಡೆಯುತ್ತಿರುವವು ಒಂದಕ್ಕಿಂತ ಹೆಚ್ಚು ಇವೆ. ಒಂದನ್ನು ಆಫ್ ಮಾಡಿದಾಗ ಇನ್ನೊಂದು ಬಾಗಿಲು ಹಿಡಿದು ನಿಂತಿರುತ್ತದೆ. ಜಾಹೀರಾತು, ಟ್ರ್ಯಾಕರ್ ತಡೆಯುವ ಎಕ್ಸ್‌ಟೆನ್ಷನ್‌ಗಳಲ್ಲಿ ಹೀಗಾಗುವುದು ಅಪರೂಪವಲ್ಲ, ಏಕೆಂದರೆ ಅವುಗಳಲ್ಲಿ ಅನೇಕವು ಈಸಿಲಿಸ್ಟ್‌ನಂಥ ಒಂದೇ ಸಾರ್ವಜನಿಕ ನಿಯಮಪಟ್ಟಿಯನ್ನು ಓದುತ್ತವೆ. ಒಂದೇ ನಿಯಮ ಎರಡು ಕಡೆ ಕೆಲಸ ಮಾಡುತ್ತಿರುತ್ತದೆ.

ಒಂದೊಂದಾಗಿ ಆನ್ ಮಾಡುವುದು

ಆದ್ದರಿಂದ ಎಲ್ಲವೂ ಆಫ್ ಇರುವ ಸ್ಥಿತಿಯಿಂದ ಶುರು ಮಾಡಿ. ಒಂದನ್ನು ಮಾತ್ರ ಆನ್ ಮಾಡಿ, ಪುಟವನ್ನು ರೀಲೋಡ್ ಮಾಡಿ, ಚೀಟಿಯಲ್ಲಿರುವ ಪರೀಕ್ಷೆ ನಡೆಸಿ, ಫಲ ಬರೆದುಕೊಳ್ಳಿ, ಅದನ್ನು ಆಫ್ ಮಾಡಿ, ಮುಂದಿನದಕ್ಕೆ ಹೋಗಿ. ರೀಲೋಡ್ ಮರೆಯಲೇಬಾರದು. ಪುಟ ತೆರೆದಾಗ ಅದರೊಳಕ್ಕೆ ಎಕ್ಸ್‌ಟೆನ್ಷನ್ ತೂರಿಸಿದ ಕೋಡ್, ಆ ಎಕ್ಸ್‌ಟೆನ್ಷನ್ ಆಫ್ ಆದರೂ ಅದೇ ಟ್ಯಾಬ್‌ನಲ್ಲಿ ಉಳಿದುಕೊಂಡಿರಬಹುದು. ಹೊಸದಾಗಿ ಆನ್ ಮಾಡಿದ್ದು ತೆರೆದಿರುವ ಪುಟಕ್ಕೆ ಇನ್ನೂ ಮುಟ್ಟದೇ ಇರಬಹುದು. ಕಂಟ್ರೋಲ್, ಶಿಫ್ಟ್, ಆರ್ ಮೂರೂ ಒಟ್ಟಿಗೆ ಒತ್ತಿದರೆ ಕ್ಯಾಶ್ ಬಿಟ್ಟು ಹೊಸದಾಗಿ ತರಿಸುತ್ತದೆ.

ರಿಮೂವ್ ಬಟನ್ ಮುಟ್ಟಬೇಡಿ, ಪಕ್ಕದ ಸ್ವಿಚ್ ಸಾಕು. ತೆಗೆದುಹಾಕಿದರೆ ಅದರೊಳಗೆ ನೀವು ಮಾಡಿಟ್ಟ ಸೆಟ್ಟಿಂಗ್‌ಗಳೂ ಹೋಗುತ್ತವೆ.

ಅತ್ತಿಗೆ ಚೀಟಿ ಹಿಡಿದು ಕೂತರು, ನಾನು ಸ್ವಿಚ್ ಒತ್ತುತ್ತಾ ಹೋದೆ. ಪಾಸ್‌ವರ್ಡ್, ಟೈಪಿಂಗ್, ಕಪ್ಪು ಬಣ್ಣ, ಮೂರೂ ಸರಿ. ಜಾಹೀರಾತು ತಡೆಯುವುದು ಆನ್ ಆದ ತಕ್ಷಣ ಪಟ್ಟಿ ಖಾಲಿ. "ಸಿಕ್ಕಿತಲ್ಲ, ಸಾಕು ಬಿಡು" ಅಂದರು ಅತ್ತಿಗೆ. ಸಾಲದು. ಮೊದಲನೆಯದು ಸಿಕ್ಕ ಮೇಲೂ ಕೊನೆಯವರೆಗೆ ಹೋಗಲೇಬೇಕು. ಕೂಪನ್, ವ್ಯಾಕರಣ, ಸ್ಕ್ರೀನ್‌ಶಾಟ್ ಸರಿ ಬಂದವು, ಎಂಟನೆಯದಾದ ಟ್ರ್ಯಾಕರ್ ತಡೆಯುವುದರಲ್ಲಿ ಮತ್ತೆ ಖಾಲಿ. ಕೊನೆಗೆ ಈ ಎರಡನ್ನು ಮಾತ್ರ ಆಫ್ ಇಟ್ಟು ಉಳಿದ ಆರನ್ನೂ ಆನ್ ಮಾಡಿದೆವು. ಪಟ್ಟಿ ಬಂತು. ಈ ಕೊನೆಯ ಪರೀಕ್ಷೆ ಆದ ಮೇಲಷ್ಟೇ ತಡೆಯುವುದು ಬೇರೆ ಯಾವುದೂ ಉಳಿದಿಲ್ಲ ಎಂದು ಹೇಳಬಹುದು.

ಇದರ ವಿರುದ್ಧದ ಸಂದರ್ಭವೂ ಇದೆ. ಒಂದೊಂದನ್ನೇ ಆನ್ ಮಾಡಿದಾಗ ಎಲ್ಲವೂ ಸರಿ, ಎಲ್ಲ ಆನ್ ಇದ್ದಾಗ ಮಾತ್ರ ಕೆಡುತ್ತದೆ. ಆಗ ಎರಡು ಒಂದಕ್ಕೊಂದು ತಾಗುತ್ತಿವೆ ಎಂದರ್ಥ. ಅಂಥಲ್ಲಿ ಆಫ್ ಮಾಡದೆ ಒಂದರ ಮೇಲೊಂದು ಸೇರಿಸುತ್ತಾ ಹೋಗಿ. ಯಾವುದು ಸೇರಿದಾಗ ಕೆಟ್ಟಿತೋ ಅದು ಜೋಡಿಯಲ್ಲಿ ಒಂದು. ಅದನ್ನು ಆನ್ ಇಟ್ಟುಕೊಂಡೇ ಉಳಿದವುಗಳನ್ನು ಒಂದೊಂದಾಗಿ ಆಫ್ ಮಾಡಿದರೆ ಇನ್ನೊಂದು ಸಿಗುತ್ತದೆ.

ಇಪ್ಪತ್ತು ಇಪ್ಪತ್ತೈದು ಎಕ್ಸ್‌ಟೆನ್ಷನ್ ಇರುವವರು ಅರ್ಧರ್ಧ ಆನ್ ಮಾಡುತ್ತಾ ಹೋದರೆ ಐದು ಪರೀಕ್ಷೆಯಲ್ಲಿ ಮುಗಿಯುತ್ತದೆ. ತಡೆಯುತ್ತಿರುವುದು ಒಂದೇ ಆಗಿದ್ದರೆ ಮಾತ್ರ ಆ ಲೆಕ್ಕ ಸರಿ.

ಯಾಕೆ ತಡೆಯಿತು?

ಹೆಸರು ಸಿಕ್ಕ ಮೇಲೆ ಕಾರಣವನ್ನೂ ನೋಡಬೇಕು, ಇಲ್ಲದಿದ್ದರೆ ಪರಿಹಾರ ಅಂದಾಜಿನದಾಗುತ್ತದೆ. ಜಾಹೀರಾತು ತಡೆಯುವುದನ್ನು ಆನ್ ಇಟ್ಟು, ಎಫ್12 ಒತ್ತಿ, ಕನ್ಸೋಲ್ ತೆರೆದು ಬಡಾವಣೆ ಆರಿಸಿದೆ. ಕೆಂಪು ಸಾಲೊಂದು ಬಂತು.

```
GET https://…/ads/cross.json net::ERR_BLOCKED_BY_CLIENT
```

ಸಾಲಿನ ಕೊನೆಯ ತುಂಡು ಹೇಳುವುದು, ಕೋರಿಕೆ ಬ್ರೌಸರ್‌ನಿಂದ ಹೊರಗೇ ಹೋಗಲಿಲ್ಲ, ನಮ್ಮ ಕಡೆಯದೇ ಏನೋ ಅದನ್ನು ತಡೆಯಿತು ಎಂದು. ಸಾಮಾನ್ಯವಾಗಿ ಅದು ಎಕ್ಸ್‌ಟೆನ್ಷನ್ನೇ, ಆದರೆ ಯಾವುದು ಎಂದು ಕ್ರೋಮ್ ಈ ಸಾಲಿನಲ್ಲಿ ಹೇಳುವುದಿಲ್ಲ. ಇನ್ನು ನಡುವಿನ ತುಂಡು ನೋಡಿ: ಕ್ರಾಸ್‌ಗಳ ಪಟ್ಟಿ `ads` ಎಂಬ ಫೋಲ್ಡರ್‌ನಲ್ಲಿತ್ತು. ವಿಳಾಸ ಎಂಬುದರ ಇಂಗ್ಲಿಷ್ ಪದವನ್ನು ಚಿಕ್ಕದು ಮಾಡಿ ಯಾರೋ ಹಾಗೆ ಹೆಸರಿಟ್ಟಿದ್ದಾರೆ. ಜಾಹೀರಾತು ತಡೆಯುವ ನಿಯಮಕ್ಕೆ ಅದು ಜಾಹೀರಾತಿನ ಫೋಲ್ಡರ್‌ನಂತೆಯೇ ಕಂಡಿದೆ. ಎಲ್ಲ ತೊಂದರೆಯೂ ಹೀಗೆ ಕೆಂಪು ಸಾಲಾಗಿ ಕಾಣುವುದಿಲ್ಲ. ಬಣ್ಣ ಬದಲಿಸುವ ಎಕ್ಸ್‌ಟೆನ್ಷನ್ ಕ್ಯಾಪ್ಚಾ ಅಕ್ಷರಗಳನ್ನು ಕಪ್ಪಿನ ಮೇಲೆ ಕಪ್ಪು ಮಾಡಿದರೆ ಕನ್ಸೋಲ್‌ನಲ್ಲಿ ಏನೂ ಬಾರದು. ಅದಕ್ಕೇ ಸ್ವಿಚ್ ಪರೀಕ್ಷೆಯೇ ಮುಖ್ಯ, ಕನ್ಸೋಲ್ ಅದರ ಸಾಕ್ಷಿ.

ಮತ್ತೊಂದು ಕೆಲಸಕ್ಕೆ ಖಾಲಿ ಪ್ರೊಫೈಲ್ ಬಳಸಿದೆವು. ಟ್ರ್ಯಾಕರ್ ತಡೆಯುವ ಎಕ್ಸ್‌ಟೆನ್ಷನ್ ಒಂದನ್ನೇ ಅಲ್ಲಿ ಹೊಸದಾಗಿ ಹಾಕಿದರೆ ಪುಟ ಚೆನ್ನಾಗಿಯೇ ಇತ್ತು. ಅಂದರೆ ಎಕ್ಸ್‌ಟೆನ್ಷನ್ ಇದ್ದಂತೆ ಕೆಡಿಸುವುದಿಲ್ಲ, ಅತ್ತಿಗೆಯ ಸೆಟ್ಟಿಂಗ್ ಕೆಡಿಸುತ್ತಿದೆ. ಹುಡುಕಿದಾಗ ಅದರಲ್ಲಿ ಹೆಚ್ಚುವರಿ ನಿಯಮಪಟ್ಟಿಯೊಂದನ್ನು ಅವರು ಹಿಂದೆಂದೋ ಆನ್ ಮಾಡಿದ್ದು ಕಂಡಿತು. ಅದೊಂದಕ್ಕೆ ಹಾಕಿದ ಟಿಕ್ ತೆಗೆದದ್ದೇ ಸಾಕಾಯಿತು.

ಜಾಹೀರಾತು ತಡೆಯುವುದನ್ನು ಬಿಟ್ಟುಕೊಡಲು ಅತ್ತಿಗೆ ಒಪ್ಪಲಿಲ್ಲ, ಬಿಡಬೇಕಾಗಿಯೂ ಇಲ್ಲ. ಸಂಘದ ಪುಟ ತೆರೆದಿರುವಾಗ ಆ ಎಕ್ಸ್‌ಟೆನ್ಷನ್‌ನ ಗುರುತು ಒತ್ತಿ, ಈ ಸೈಟಿಗೆ ಮಾತ್ರ ಬೇಡ ಎಂದು ವಿನಾಯಿತಿ ಕೊಟ್ಟೆವು. ಅಂಥ ಆಯ್ಕೆ ಇಲ್ಲದ ಎಕ್ಸ್‌ಟೆನ್ಷನ್ ಆದರೆ `chrome://extensions` ಪುಟದಲ್ಲಿ ಅದರ ಡೀಟೇಲ್ಸ್ ತೆರೆದು, ಎಲ್ಲ ಸೈಟಿಗೂ ಇರುವ ಅನುಮತಿಯನ್ನು ಆಯ್ದ ಸೈಟಿಗೆ ಅಥವಾ ಕ್ಲಿಕ್ ಮಾಡಿದಾಗ ಮಾತ್ರ ಎಂದು ಬದಲಾಯಿಸಬಹುದು.

ಅದೇ ಸಂಜೆ ಅರ್ಜಿ ಹೋಯಿತು. ಸಂಘದ ಕಚೇರಿಗೆ ಮೇಲ್ ಬರೆದು ಆ ಕೆಂಪು ಸಾಲು, `chrome://version` ತೋರಿಸಿದ ಕ್ರೋಮ್ ಆವೃತ್ತಿ, ಎರಡೂ ಎಕ್ಸ್‌ಟೆನ್ಷನ್‌ಗಳ ಹೆಸರು ಮತ್ತು ಆವೃತ್ತಿ ಕೊಟ್ಟೆವು. ಫೋಲ್ಡರ್‌ನ ಹೆಸರು ಬದಲಿಸಿದರೆ ಇದೇ ಎಕ್ಸ್‌ಟೆನ್ಷನ್ ಇಟ್ಟುಕೊಂಡ ಬೇರೆ ಸದಸ್ಯರಿಗೂ ಪಟ್ಟಿ ಬರುತ್ತದೆ ಎಂದೂ ಸೇರಿಸಿದೆವು. ಹೊಸ ಪ್ರೊಫೈಲ್‌ಗೆ ಅತ್ತಿಗೆ "ಖಾಲಿ" ಎಂದೇ ಹೆಸರಿಟ್ಟು ಹಾಗೆಯೇ ಉಳಿಸಿಕೊಂಡಿದ್ದಾರೆ. ಅದಕ್ಕೆ ಹಾಕಿ ನೋಡಿದ ಟ್ರ್ಯಾಕರ್ ಎಕ್ಸ್‌ಟೆನ್ಷನ್ ಮಾತ್ರ ತೆಗೆದುಹಾಕಿದ್ದಾಯಿತು.