ಹೊಸ ಲಸಿಕೆ ಹಳೆಯದಕ್ಕಿಂತ ಎಷ್ಟು ಕಡಿಮೆಯಾದರೆ ನಡೆದೀತು?

ಸ್ನಾತಕೋತ್ತರ ಥೀಸಿಸ್‌ಗಳಲ್ಲಿ ಈ ವಾಕ್ಯ ಮತ್ತೆ ಮತ್ತೆ ಬರುತ್ತದೆ: ‘ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ (p > 0.05), ಆದ್ದರಿಂದ ಹೊಸ ಲಸಿಕೆ ಹಳೆಯದಕ್ಕೆ ಸಮ.’ ಇದು ತಪ್ಪು. ವ್ಯತ್ಯಾಸ ಕಾಣಲಿಲ್ಲ ಎನ್ನುವುದು ಬೇರೆ, ವ್ಯತ್ಯಾಸ ಇಲ್ಲ ಎಂದು ತೋರಿಸುವುದು ಬೇರೆ. ಗುಂಪಿಗೆ ಇಪ್ಪತ್ತೇ ಜನರನ್ನು ಸೇರಿಸಿಕೊಂಡರೆ ಎಂಥ ಕಳಪೆ ಲಸಿಕೆಯೂ ‘ಸಮ’ ಅನ್ನಿಸಿಬಿಡುತ್ತದೆ. ಈ ಜಾಗದಲ್ಲಿ ಬೇಕಾದದ್ದು ನಾನ್-ಇನ್ಫೀರಿಯಾರಿಟಿ ಟ್ರಯಲ್. ಹೊಸದು ಹಳೆಯದಕ್ಕಿಂತ ಮೇಲು ಎಂದು ಅದು ಹೇಳಹೊರಡುವುದಿಲ್ಲ. ಕಡಿಮೆಯಿದ್ದರೂ ಮೊದಲೇ ಗೊತ್ತುಮಾಡಿದ ಮಿತಿಗಿಂತ ಹೆಚ್ಚು ಕಡಿಮೆ ಇಲ್ಲ ಎಂದಷ್ಟೇ ತೋರಿಸುತ್ತದೆ.

ಮೊದಲು, ಯಾವ ಹಂತದಲ್ಲಿದ್ದೀರಿ ನೋಡಿ

ಹಂತಗಳನ್ನು ಉದ್ದಕ್ಕೆ ಬರೆಯಬೇಕಿಲ್ಲ. ಮೊದಲನೆಯದರಲ್ಲಿ ಕೆಲವು ಹತ್ತು ಮಂದಿ ಆರೋಗ್ಯವಂತ ವಯಸ್ಕರು. ನೋಡುವುದು ಮುಖ್ಯವಾಗಿ ಸುರಕ್ಷತೆಯನ್ನು. ಎರಡನೆಯದರಲ್ಲಿ ಕೆಲವು ನೂರು ಮಂದಿ. ಡೋಸ್ ಎಷ್ಟು, ಎಷ್ಟು ಅಂತರದಲ್ಲಿ ಎಂದು ತೀರ್ಮಾನವಾಗುವುದು ಇಲ್ಲಿ. ಮೂರನೆಯದರಲ್ಲಿ ಸಾವಿರಾರು ಮಂದಿ. ನಾಲ್ಕನೆಯದು ಪರವಾನಗಿ ಸಿಕ್ಕ ಮೇಲಿನ ನಿಗಾ. ಶಿಶುಗಳ ಲಸಿಕೆಯಾದರೆ ದೊಡ್ಡವರಿಂದ ಎಳೆಮಕ್ಕಳಿಗೆ, ಅವರಿಂದ ಶಿಶುಗಳಿಗೆ ಎಂದು ವಯಸ್ಸಿನಲ್ಲಿ ಕೆಳಗಿಳಿಯುತ್ತಾ ಹೋಗಬೇಕು.

ಎಡವುವುದು ಮೂರನೇ ಹಂತದಲ್ಲಿ. ಅದೆಂದರೆ ಪ್ಲಸೀಬೊ ಕೊಟ್ಟು ರೋಗ ಎಣಿಸುವುದು ಎಂದೇ ಅನೇಕರ ಭಾವನೆ. ಭಾರತದ ರೋಟಾವ್ಯಾಕ್ ಲಸಿಕೆಗೆ ನಡೆದದ್ದು ಹಾಗೆಯೇ: ದೆಹಲಿ, ಪುಣೆ, ವೆಲ್ಲೂರಿನ 6,799 ಶಿಶುಗಳು, ಹೋಲಿಕೆಗೆ ಪ್ಲಸೀಬೊ, ತೀವ್ರ ರೋಟಾವೈರಸ್ ಭೇದಿಯ ವಿರುದ್ಧ ಸುಮಾರು ಶೇ 54ರಷ್ಟು ರಕ್ಷಣೆ. ಆಗ ದೇಶದ ಲಸಿಕಾ ಕಾರ್ಯಕ್ರಮದಲ್ಲಿ ರೋಟಾವೈರಸ್ ಲಸಿಕೆ ಇರಲಿಲ್ಲವಾದ್ದರಿಂದ ಅದು ಸಾಧ್ಯವಾಯಿತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ನ್ಯೂಮೋಕಾಕಸ್ ಲಸಿಕೆ ನ್ಯೂಮೋಸಿಲ್ ಮೂರನೇ ಹಂತಕ್ಕೆ ಬರುವಷ್ಟರಲ್ಲಿ ಪರಿಸ್ಥಿತಿ ಬೇರೆ. ಟ್ರಯಲ್ ನಡೆದ ಗ್ಯಾಂಬಿಯಾದಲ್ಲಿ ಮಕ್ಕಳಿಗೆ ನ್ಯೂಮೋಕಾಕಸ್ ಲಸಿಕೆ ಆಗಲೇ ಸಿಗುತ್ತಿತ್ತು. ಕೆಲಸ ಮಾಡುವ ಲಸಿಕೆ ಕೈಯಲ್ಲಿರುವಾಗ ಶಿಶುವಿಗೆ ಪ್ಲಸೀಬೊ ಚುಚ್ಚುವಂತಿಲ್ಲ. ಹಾಗಾಗಿ 2,250 ಶಿಶುಗಳಲ್ಲಿ ಅದನ್ನು ಸಿನ್‌ಫ್ಲೋರಿಕ್ಸ್ ಎಂಬ ಪರವಾನಗಿ ಪಡೆದ ಲಸಿಕೆಯ ಜೊತೆ ಹೋಲಿಸಿ, ರೋಗದ ಬದಲು ರಕ್ತದ ಆಂಟಿಬಾಡಿ ಅಳೆದರು.

ಏನನ್ನು ಅಳೆಯಬೇಕು

ಆಂಟಿಬಾಡಿ ಅಳೆಯುವುದು ಎರಡು ರೀತಿ. ಒಂದು, ಮಿತಿ ದಾಟಿದ ಮಕ್ಕಳು ಶೇಕಡಾ ಎಷ್ಟು? ನ್ಯೂಮೋಕಾಕಸ್‌ಗೆ ಆ ಮಿತಿ ಮಿಲಿಲೀಟರಿಗೆ 0.35 ಮೈಕ್ರೋಗ್ರಾಂ, ಹೆಪಟೈಟಿಸ್-ಬಿಗೆ ಲೀಟರಿಗೆ 10 ಅಂತರರಾಷ್ಟ್ರೀಯ ಯೂನಿಟ್. ಇನ್ನೊಂದು, ಸರಾಸರಿ ಮಟ್ಟ ಎಷ್ಟು? ಈ ಸರಾಸರಿ ಜ್ಯಾಮಿತೀಯವೇ ಆಗಿರಬೇಕು. ಐದು ಮಕ್ಕಳ ಮಟ್ಟ 0.5, 0.8, 1, 1.25, 32 ಎಂದುಕೊಳ್ಳಿ. ಸಾಮಾನ್ಯ ಸರಾಸರಿ 7.1, ಐವರಲ್ಲಿ ನಾಲ್ವರು ಅದರ ಹತ್ತಿರಕ್ಕೂ ಇಲ್ಲ. ಜ್ಯಾಮಿತೀಯ ಸರಾಸರಿ 1.74. ಲೆಕ್ಕವನ್ನೆಲ್ಲ ಲಾಗ್‌ನಲ್ಲಿ ಮಾಡಿ, ಕೊನೆಗೆ ಹಿಂದಕ್ಕೆ ತಿರುಗಿಸಿ, ಎರಡು ಗುಂಪುಗಳ ಅನುಪಾತ ಕೊಡಿ.

ಎರಡೂ ಲಸಿಕೆಗಳಲ್ಲಿ ಶೇ 99 ಮಂದಿ ಮಿತಿ ದಾಟುತ್ತಾರೆ ಎಂದಿದ್ದರೆ ಮೊದಲ ಅಳತೆಯನ್ನು ನಂಬಿ ಕೂರಬೇಡಿ. ರೇಬೀಸ್‌ನಂಥ ಲಸಿಕೆಗಳಲ್ಲಿ ಹೀಗಾಗುತ್ತದೆ: ಆಂಟಿಬಾಡಿ ಅರ್ಧಕ್ಕಿಳಿದರೂ ಎಲ್ಲರೂ ಪಾಸು. ಅಲ್ಲಿ ಅನುಪಾತವನ್ನೇ ಮುಖ್ಯ ಮಾಡಿ.

ಮಾರ್ಜಿನ್: ಕೆಲಸ ಕೆಡುವುದು ಇಲ್ಲೇ

ಎಷ್ಟು ಕಡಿಮೆಯಾದರೆ ನಡೆದೀತು ಎನ್ನುವ ಆ ಮಿತಿಯೇ ಮಾರ್ಜಿನ್. ಮಿತಿ ದಾಟಿದವರ ಪ್ರಮಾಣಕ್ಕೆ ರೂಢಿಯಲ್ಲಿರುವುದು 10 ಪರ್ಸೆಂಟೇಜ್ ಪಾಯಿಂಟ್. ಜ್ಯಾಮಿತೀಯ ಸರಾಸರಿಯ ಅನುಪಾತಕ್ಕೆ 0.67, ನ್ಯೂಮೋಕಾಕಸ್‌ನಲ್ಲಿ 0.5. ನ್ಯೂಮೋಸಿಲ್ ಟ್ರಯಲ್ ಬಳಸಿದ್ದೂ 10 ಪಾಯಿಂಟ್ ಮತ್ತು 0.5. ಸಿನಾಪ್ಸಿಸ್‌ನಲ್ಲಿ ‘ಹಿಂದಿನ ಅಧ್ಯಯನಗಳಂತೆ 10 ಪಾಯಿಂಟ್’ ಎಂದು ಬರೆದು ಮುಂದೆ ಹೋಗುವವರೇ ಹೆಚ್ಚು. ಅದು ಸಮರ್ಥನೆ ಅಲ್ಲ, ನಕಲು.

ಆ 10 ಪಾಯಿಂಟನ್ನು ಮಕ್ಕಳ ಲೆಕ್ಕಕ್ಕೆ ತಂದು ನೋಡಿ. ಹಳೆಯ ಲಸಿಕೆಯಲ್ಲಿ ನೂರಕ್ಕೆ 90 ಮಕ್ಕಳು ಮಿತಿ ದಾಟುತ್ತಾರೆ, 10 ಮಕ್ಕಳು ಉಳಿಯುತ್ತಾರೆ. ಹೊಸದರಲ್ಲಿ 80 ದಾಟಿದರೆ ಉಳಿಯುವವರು 20. ಅಂದರೆ ರಕ್ಷಣೆಯಿಲ್ಲದ ಮಕ್ಕಳು ಎರಡು ಪಟ್ಟಾದರೂ ಪರವಾಗಿಲ್ಲ ಎಂದು ನೀವು ಸಹಿ ಹಾಕಿದ ಹಾಗಾಯಿತು. ಲಸಿಕೆ ಅಗ್ಗ, ಅಥವಾ ಹಳೆಯದರಲ್ಲಿಲ್ಲದ ಸೀರೋಟೈಪ್, ಅಂದರೆ ಅದೇ ರೋಗಾಣುವಿನ ಇನ್ನೊಂದು ಬಗೆ, ಇದರಲ್ಲಿದೆ ಎಂದಿದ್ದರೆ ಒಪ್ಪಬಹುದು. ದಡಾರಕ್ಕೆ ಒಪ್ಪಲಾಗದು: ಸಮುದಾಯದಲ್ಲಿ ಸುಮಾರು ಶೇ 95 ಮಂದಿಗೆ ರಕ್ಷಣೆ ಇಲ್ಲದಿದ್ದರೆ ಅದು ಹಬ್ಬುತ್ತದೆ. ಅಲ್ಲಿ ಮಾರ್ಜಿನ್ 5ಕ್ಕಿಂತ ಮೇಲಿಟ್ಟರೆ ಗೈಡ್ ಸುಮ್ಮನಿದ್ದರೂ ಪರೀಕ್ಷಕರು ಸುಮ್ಮನಿರಬಾರದು.

ರೋಗವನ್ನೇ ಎಣಿಸುವ ಟ್ರಯಲ್ ಆದರೆ ಇನ್ನೊಂದು ಮೆಟ್ಟಿಲಿದೆ. ಹಳೆಯ ಲಸಿಕೆ ಪ್ಲಸೀಬೊ ಮುಂದೆ ಎಷ್ಟು ಕೆಲಸ ಮಾಡಿತ್ತು ಎಂದು ಹಿಂದಿನ ಟ್ರಯಲ್‌ಗಳಿಂದ ತೆಗೆಯಿರಿ. ಅದರಲ್ಲೂ ಸರಾಸರಿ ಅಂದಾಜಲ್ಲ, ಕಾನ್ಫಿಡೆನ್ಸ್ ಇಂಟರ್ವಲ್‌ನ ಕೆಳತುದಿ. ಅದು M1. ಅದರಲ್ಲಿ ಎಷ್ಟು ಭಾಗ ಕಳೆದುಕೊಳ್ಳಲು ಸಿದ್ಧರಿದ್ದೀರೋ, ಸಾಮಾನ್ಯವಾಗಿ ಅರ್ಧ ಅಥವಾ ಅದಕ್ಕೂ ಕಡಿಮೆ, ಅದು M2. M2 ನಿಮ್ಮ ಮಾರ್ಜಿನ್. ಮಾರ್ಜಿನ್ M1ಗಿಂತ ದೊಡ್ಡದಾದರೆ ನೀರು ಚುಚ್ಚಿದರೂ ‘ನಾನ್-ಇನ್ಫೀರಿಯರ್’ ಅನ್ನಿಸಿಕೊಳ್ಳಬಹುದು.

ಹೋಲಿಕೆಗೆ ಯಾವುದನ್ನು ಆರಿಸುತ್ತೀರಿ ಎನ್ನುವುದೂ ಇಲ್ಲೇ ಸೇರುತ್ತದೆ. ಎರಡನೇ ಲಸಿಕೆ ಮೊದಲನೆಯದಕ್ಕಿಂತ ಸ್ವಲ್ಪ ಕಡಿಮೆ, ಮೂರನೆಯದು ಎರಡನೆಯದಕ್ಕಿಂತ ಸ್ವಲ್ಪ ಕಡಿಮೆ ಎಂದು ಇಳಿಯುತ್ತಾ ಹೋದರೆ ನಾಲ್ಕನೆಯದರ ಹೊತ್ತಿಗೆ ಕಾಲ ಕೆಳಗೆ ನೆಲವೇ ಇರುವುದಿಲ್ಲ. ರೋಗ ತಡೆದದ್ದು ಸಾಬೀತಾದ ಮೂಲ ಲಸಿಕೆ ಸಿಗುವುದಾದರೆ ಅದನ್ನೇ ತನ್ನಿ. ಟೆಂಡರಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬೇರೆಯದನ್ನು ತರಬೇಡಿ.

ನ್ಯೂಮೋಸಿಲ್‌ಗೆ ಇಲ್ಲೊಂದು ತೊಡಕಿತ್ತು. ಎರಡೂ ಲಸಿಕೆಗಳಲ್ಲಿ ಹತ್ತತ್ತು ಸೀರೋಟೈಪ್ ಇದ್ದರೂ ಎಂಟು ಮಾತ್ರ ಸಮಾನ; 6A ಮತ್ತು 19A ಸಿನ್‌ಫ್ಲೋರಿಕ್ಸ್‌ನಲ್ಲಿ ಇಲ್ಲ. ಇಲ್ಲದ್ದರ ಜೊತೆ ಹೋಲಿಸುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯ ದಾರಿ ಹೀಗಿದೆ: ಹಳೆಯ ಲಸಿಕೆಯ ಸೀರೋಟೈಪ್‌ಗಳಲ್ಲಿ ಯಾವುದರ ಪ್ರತಿಕ್ರಿಯೆ ಎಲ್ಲಕ್ಕಿಂತ ಕಡಿಮೆಯೋ ಅದರ ಜೊತೆ ಹೋಲಿಸಿ.

ಸ್ಯಾಂಪಲ್ ಸೈಜ್

ಮಾರ್ಜಿನ್ ನಿಂತ ಮೇಲೆ ಇದು ಒಂದು ಸಾಲಿನ ಕೆಲಸ. ಎರಡೂ ಗುಂಪಿನಲ್ಲಿ ಶೇ 90 ನಿರೀಕ್ಷೆ, ಮಾರ್ಜಿನ್ 10 ಪಾಯಿಂಟ್, ಪವರ್ ಶೇ 90 ಆದರೆ R ನಲ್ಲಿ:

```
p <- 0.90; d <- 0.10
n <- (qnorm(0.975) + qnorm(0.90))^2 * 2 * p * (1 - p) / d^2
ceiling(n)
```

ಉತ್ತರ ಗುಂಪಿಗೆ 190. ಶೇ 10 ಮಂದಿ ಮಧ್ಯದಲ್ಲಿ ಬಿಡುತ್ತಾರೆಂದು ಇಟ್ಟುಕೊಂಡರೆ 212. ಮಾರ್ಜಿನ್ 5 ಮಾಡಿದರೆ 757ಕ್ಕೆ ಏರುತ್ತದೆ. ಮಾರ್ಜಿನ್ ಹಿಗ್ಗಿಸುವ ಆಸೆ ಹುಟ್ಟುವುದು ಈ ಸಂಖ್ಯೆ ನೋಡಿದಾಗಲೇ. ಹಿಗ್ಗಿಸಬೇಡಿ, ಅಷ್ಟು ಜನ ಸಿಗದಿದ್ದರೆ ವಿಷಯ ಬದಲಿಸಿ. ಇನ್ನು, ವೆಬ್‌ಸೈಟಿನ ಕ್ಯಾಲ್ಕುಲೇಟರ್ ಬಳಸುವವರು ಒಂದನ್ನು ನೋಡಿಕೊಳ್ಳಿ: ‘ಎರಡು ಪ್ರಮಾಣಗಳ ವ್ಯತ್ಯಾಸ’ ಎಂಬ ಮಾಮೂಲಿ ಪುಟ ಇದಕ್ಕಲ್ಲ. ಅದರಲ್ಲಿ 90 ಮತ್ತು 80 ತುಂಬಿ ಬಂದ ಉತ್ತರ ಬೇರೆಯೇ ಪ್ರಶ್ನೆಗೆ ಸೇರಿದ್ದು.

ಫಲಿತಾಂಶ ಓದುವುದು

ಹಳೆಯ ಲಸಿಕೆಯಲ್ಲಿ 190ರಲ್ಲಿ 174 ಮಂದಿ ಮಿತಿ ದಾಟಿದರು ಎನ್ನೋಣ, ಶೇ 91.6. ಹೊಸದರಲ್ಲಿ 170 ಆದರೆ ವ್ಯತ್ಯಾಸ −2.1 ಪಾಯಿಂಟ್, ಶೇ 95ರ ಇಂಟರ್ವಲ್ −8.0ರಿಂದ +3.8. ಕೆಳತುದಿ −10ಕ್ಕಿಂತ ಮೇಲಿದೆ; ನಾನ್-ಇನ್ಫೀರಿಯರ್.

ಹೊಸದರಲ್ಲಿ 164 ಬಂದಿದ್ದರೆ? ವ್ಯತ್ಯಾಸ −5.3, ಇಂಟರ್ವಲ್ −11.5ರಿಂದ +1.0. ಕೆಳತುದಿ ಮಾರ್ಜಿನ್ ದಾಟಿ ಕೆಳಗೆ ಹೋಯಿತು, ಸಾಬೀತಾಗಲಿಲ್ಲ. ಇದೇ ದತ್ತಾಂಶಕ್ಕೆ ಮಾಮೂಲಿ ಪರೀಕ್ಷೆ ಹಾಕಿದರೆ p ಸುಮಾರು 0.10, ‘ಗಣನೀಯ ವ್ಯತ್ಯಾಸ ಇಲ್ಲ’. ಮೊದಲು ಹೇಳಿದ ಆ ತಪ್ಪು ವಾಕ್ಯ ಹುಟ್ಟುವುದು ಇಲ್ಲಿಂದ.

ತಲೆಕೆಳಗಾದದ್ದೂ ನಡೆಯುತ್ತದೆ. ಸಾವಿರಾರು ಜನರ ಟ್ರಯಲ್‌ನಲ್ಲಿ ಇಂಟರ್ವಲ್ −6ರಿಂದ −2 ಬಂದರೆ ಹೊಸದು ನಿಶ್ಚಯವಾಗಿಯೂ ಸ್ವಲ್ಪ ಕಡಿಮೆ, ಆದರೂ ನಾನ್-ಇನ್ಫೀರಿಯರ್. ವಿರೋಧಾಭಾಸವೇನಿಲ್ಲ, ಎರಡನ್ನೂ ಬರೆಯಿರಿ. ಇಡೀ ಇಂಟರ್ವಲ್ ಸೊನ್ನೆಗಿಂತ ಮೇಲೆ ಬಂದರೆ ಮೇಲು ಎಂದೂ ಹೇಳಬಹುದು. ಆದರೆ ಹೊಸದು ಮೇಲೆಂದು ತೋರಿಸಲು ಹೊರಟ ಟ್ರಯಲ್ ಸೋತ ಮೇಲೆ ಮಾರ್ಜಿನ್ ಹುಡುಕಿಕೊಂಡು ನಾನ್-ಇನ್ಫೀರಿಯರ್ ಎನ್ನುವುದು ಬಾಣ ನೆಟ್ಟ ಮೇಲೆ ಗುರಿ ಬರೆದ ಹಾಗೆ. ಅದಕ್ಕೇ ಮಾರ್ಜಿನ್ ದೇಶದ ಟ್ರಯಲ್ ದಾಖಲೆಯಾದ ಸಿಟಿಆರ್‌ಐ ನೋಂದಣಿಯಲ್ಲೇ ಇರಲಿ, ಮೊದಲ ವ್ಯಕ್ತಿ ಸೇರುವ ಮುನ್ನವೇ.

ಅಚ್ಚುಕಟ್ಟಿಲ್ಲದ ಟ್ರಯಲ್ ಗೆಲ್ಲುತ್ತದೆ

ಮಾಮೂಲಿ ಟ್ರಯಲ್‌ನಲ್ಲಿ ಬೇಜವಾಬ್ದಾರಿಗೆ ಸಿಗುವ ಶಿಕ್ಷೆ ಸೋಲು. ಇಲ್ಲಿ ಅದಕ್ಕೆ ಬಹುಮಾನ ಸಿಗಬಹುದು. ಹಳೆಯದು ಶೇ 90, ಹೊಸದು ಶೇ 78 ಎನ್ನುವುದು ನಿಜಸ್ಥಿತಿ ಎಂದುಕೊಳ್ಳಿ. ವ್ಯತ್ಯಾಸ 12, ಸೋಲಬೇಕಾದ ಲಸಿಕೆ. ಎರಡೂ ಗುಂಪಿನಲ್ಲಿ ಐವರಲ್ಲಿ ಒಬ್ಬರು ಡೋಸ್ ಪೂರ್ತಿ ಮಾಡಿಲ್ಲ, ಅವರೂ ಲೆಕ್ಕದಲ್ಲಿ ‘ಪ್ರತಿಕ್ರಿಯೆ ಇಲ್ಲ’ ಎಂದು ಸೇರಿದ್ದಾರೆ. ಈಗ 72 ಮತ್ತು 62.4; ವ್ಯತ್ಯಾಸ 9.6ಕ್ಕೆ ಕುಗ್ಗಿತು. ಐಸ್ ಪ್ಯಾಕ್‌ಗೆ ತಾಗಿ ಹೆಪ್ಪುಗಟ್ಟಿದ ಹಳೆಯ ಲಸಿಕೆಯ ವಯಲ್, ಅದಲುಬದಲಾದ ಸ್ಯಾಂಪಲ್, 28ನೇ ದಿನದ ಬದಲು 50ನೇ ದಿನ ತೆಗೆದ ರಕ್ತ ಇವೆಲ್ಲ ಎರಡು ಗುಂಪನ್ನೂ ಹತ್ತಿರ ಹತ್ತಿರ ಎಳೆಯುತ್ತವೆ.

ಹಾಗಾಗಿ ಸೇರಿದವರನ್ನೆಲ್ಲ ಎಣಿಸುವ ಇಂಟೆನ್ಷನ್-ಟು-ಟ್ರೀಟ್ ಒಂದೇ ಸಾಲದು, ನಿಯಮದಂತೆ ಡೋಸ್ ಪೂರ್ತಿ ಮಾಡಿದವರನ್ನಷ್ಟೇ ಎಣಿಸುವ ಪರ್-ಪ್ರೋಟೊಕಾಲ್ ವಿಶ್ಲೇಷಣೆಯೂ ಬೇಕು. ಎರಡೂ ಒಂದೇ ಮಾತು ಹೇಳಬೇಕು. ಜೊತೆಗೆ ಹಳೆಯ ಲಸಿಕೆಯ ಗುಂಪಿನ ಫಲಿತಾಂಶವನ್ನು ಬೇರೆಯಾಗಿ ನೋಡಿ. ಎಲ್ಲೆಡೆ ಶೇ 90 ಬರುವ ಲಸಿಕೆ ನಿಮ್ಮಲ್ಲಿ ಶೇ 72 ಬಂದಿದೆ ಎಂದರೆ ಹೊಸ ಲಸಿಕೆಯ ಮಾತಿಗೆ ಮುಂಚೆ ಫ್ರಿಜ್‌ನ ತಾಪಮಾನದ ರಿಜಿಸ್ಟರ್ ತೆರೆಯಿರಿ.

ಇನ್ನು ಸುರಕ್ಷತೆ. ಗುಂಪಿಗೆ 190 ಮಂದಿಯಲ್ಲಿ ಗಂಭೀರ ಅಡ್ಡಪರಿಣಾಮ ಒಂದೂ ಕಾಣದಿದ್ದರೆ ಅದರ ನಿಜವಾದ ದರ ಹೆಚ್ಚೆಂದರೆ 3/190, ಅಂದರೆ ಸುಮಾರು 63ಕ್ಕೆ ಒಬ್ಬರು ಎನ್ನಬಹುದು, ಅಷ್ಟೇ. ಅಮೆರಿಕದಲ್ಲಿ 1998ರಲ್ಲಿ ಪರವಾನಗಿ ಪಡೆದ ರೋಟಾಶೀಲ್ಡ್, ಕರುಳು ಒಂದರೊಳಗೊಂದು ಸಿಕ್ಕಿಕೊಳ್ಳುವ ತೊಂದರೆಯಿಂದ 1999ರಲ್ಲಿ ಹಿಂದಕ್ಕೆ ಹೋಯಿತು. ಅದರ ದರ ಸುಮಾರು 10,000ಕ್ಕೆ ಒಂದು. ಅಷ್ಟು ಅಪರೂಪದ್ದು ಒಂದಾದರೂ ಕಣ್ಣಿಗೆ ಬೀಳುತ್ತದೆಂಬ ಶೇ 95 ಭರವಸೆಗೆ 30,000 ಶಿಶುಗಳು ಬೇಕು. ಆಮೇಲೆ ಬಂದ ರೋಟಾರಿಕ್ಸ್, ರೋಟಾಟೆಕ್ ಟ್ರಯಲ್‌ಗಳು ತಲಾ 60,000ಕ್ಕೂ ಹೆಚ್ಚು ಶಿಶುಗಳನ್ನು ಸೇರಿಸಿಕೊಂಡದ್ದು ಇದಕ್ಕೇ. ನಿಮ್ಮ ಥೀಸಿಸ್‌ನ ತೀರ್ಮಾನದಲ್ಲಿ ‘ಸುರಕ್ಷಿತ’ ಎಂಬ ಪದ ಇದ್ದರೆ ಅದನ್ನು ತೆಗೆದು, ಎಷ್ಟು ಮಂದಿಯಲ್ಲಿ ಏನು ಕಂಡಿತು ಎಂದು ಬರೆಯಿರಿ.