ಒಂದೇ ಇಳಕಲ್ ಸೀರೆ, ಮೂರು ಸೀಸನ್

ಮುಂಬೈಯ ಗೋರೆಗಾಂವ್ ಫಿಲ್ಮ್ ಸಿಟಿಯ ಒಂದು ಸೆಟ್‌ನಲ್ಲಿ ನಾನು ಮೂರು ಸೀಸನ್ ವೇಷಭೂಷಣದ ಕೆಲಸ ಮಾಡಿದೆ. ಅದು ಹಿಂದಿ ಧಾರಾವಾಹಿ, ಆದರೆ ಕಥೆ ಕನ್ನಡದ ಮನೆಯದು. ಬಾಗಲಕೋಟೆ ಕಡೆಯ ಹೆಂಗಸು ಗಂಡನ ಜೊತೆ ಡೊಂಬಿವಲಿಗೆ ಬರುತ್ತಾಳೆ. ಗಂಡನ ಕೆಲಸ ಹೋಗುತ್ತದೆ. ಮನೆಯಲ್ಲೇ ರೊಟ್ಟಿ ಬಡಿದು ಡಬ್ಬಿ ಕಳಿಸಲು ಶುರು ಮಾಡುತ್ತಾಳೆ. ಎರಡನೇ ಸೀಸನ್‌ನಲ್ಲಿ ಸ್ವಂತ ಖಾನಾವಳಿ ಇಡುತ್ತಾಳೆ. ಮೂರನೆಯದರಲ್ಲಿ ನಾಲ್ಕು ಖಾನಾವಳಿಗಳ ಒಡತಿ. ಊಟಕ್ಕೆ ಬರುವವರೆಲ್ಲ ಅವಳನ್ನು ಅಕ್ಕ ಅನ್ನುತ್ತಾರೆ. ನಾವೂ ಸೆಟ್‌ನಲ್ಲಿ ಹಾಗೇ ಕರೆಯುತ್ತಿದ್ದೆವು.

ಅಕ್ಕ ಊರಿಂದ ತಂದ ಒಂದು ಇಳಕಲ್ ಸೀರೆ ಮೂರೂ ಸೀಸನ್ ಬರಬೇಕು ಎಂದು ಮೊದಲೇ ತೀರ್ಮಾನ ಮಾಡಿದ್ದೆ. ಹಸಿರು ಮೈ, ಕೆಂಪು ಸೆರಗು. ಸಣ್ಣ ಚೌಕಳಿ ಇರುವುದು ನನಗೆ ತುಂಬ ಇಷ್ಟವಾಗಿತ್ತು. ಆದರೆ ಕ್ಯಾಮೆರಾ ಟೆಸ್ಟ್‌ನಲ್ಲಿ ಆ ಚೌಕಳಿ ನೀರಿನ ಅಲೆಯ ಹಾಗೆ ಕುಣಿಯಿತು. ಬಹಳ ಸಣ್ಣ ಗೆರೆ ಒತ್ತೊತ್ತಾಗಿದ್ದರೆ ಡಿಜಿಟಲ್ ಕ್ಯಾಮೆರಾದಲ್ಲಿ ಹೀಗಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮಾನಿಟರ್‌ನಲ್ಲೇ ಗೊತ್ತಾಗುವುದು. ಹಾಗಾಗಿ ಚೌಕಳಿ ಇಲ್ಲದ ಮೈ ಆರಿಸಿದೆ.

ಅದೇ ಸೀರೆ ನಾಲ್ಕು ತಂದೆ. ಶೂಟಿಂಗ್ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ, ಅಲ್ವಾ? ಮೊದಲ ಸೀಸನ್‌ನಲ್ಲಿ ಎಂಟು ಕಂತು, ಕಥೆಯಲ್ಲಿ ಸುಮಾರು ಒಂದೂವರೆ ವರ್ಷ. ಅಡುಗೆಮನೆಯ ದೃಶ್ಯಗಳನ್ನೆಲ್ಲ ಒಟ್ಟಿಗೆ ತೆಗೆದರು. ಬೆಳಿಗ್ಗೆ ಮೊದಲ ಕಂತು, ಊಟದ ನಂತರ ಏಳನೆಯದು. ಒಂದೇ ಸೀರೆ ನಿಧಾನವಾಗಿ ಹಳೆಯದಾಗಲಿ ಎಂದು ಬಿಡಲು ಆಗುವುದೇ ಇಲ್ಲ. ಹೊಸ ಸೀರೆ, ಅರ್ಧ ಸವೆದದ್ದು, ಪೂರ್ತಿ ಸವೆದದ್ದು ಮೂರೂ ಮೊದಲ ದಿನವೇ ಗೂಟದಲ್ಲಿ ತೂಗಬೇಕು. ನಾಲ್ಕನೆಯದು ಮೀಸಲು. ನಾಲ್ಕನ್ನೂ ಒಂದೇ ಸಲ ತಂದೆ. ಆಮೇಲೆ ತಂದರೆ ಬಣ್ಣದ ಹದ ಬೇರೆ ಆಗಿರುತ್ತದೆ, ಕ್ಲೋಸಪ್‌ನಲ್ಲಿ ಸಿಕ್ಕಿಬೀಳುತ್ತದೆ.

ಸೀರೆಯನ್ನು ಹಳೆಯದು ಮಾಡುವಾಗ ನಾನೇ ಒಂದನ್ನು ಹಾಳು ಮಾಡಿದೆ. ಇಳಕಲ್ ಸೀರೆಯಲ್ಲಿ ಉದ್ದಕ್ಕೆ ಹೋಗುವ ಹಾಸುನೂಲು ಮೈಗೆ ಬೇರೆ, ಸೆರಗಿಗೆ ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ನಮ್ಮದರ ಮೈ ಹತ್ತಿ, ಸೆರಗು ಆರ್ಟ್ ಸಿಲ್ಕ್, ಅಂದರೆ ರೇಯಾನ್. ಇಡೀ ಸೀರೆಯನ್ನು ಬಿಸಿನೀರಲ್ಲಿ ನೆನೆಸಿ ಬ್ರಷ್‌ನಿಂದ ಉಜ್ಜಿದೆ. ಹತ್ತಿ ಚೆನ್ನಾಗಿ ಮಾಸಿತು. ಸೆರಗು ಮಾತ್ರ ಕೊಂಡಿಯ ಹತ್ತಿರ ಪಿಸಿಯಿತು. ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಗೊತ್ತಿದ್ದೂ ಅವಸರದಲ್ಲಿ ಮರೆತಿದ್ದೆ. ಅದನ್ನೇ ಪೂರ್ತಿ ಸವೆದ ಸೀರೆಯಾಗಿ ಇಟ್ಟುಕೊಂಡೆ. ಅರ್ಧ ಸವೆದದ್ದಕ್ಕೆ ದಾರಿ ಬದಲಿಸಿದೆ. ಮೈಯನ್ನಷ್ಟೇ ಬಕೆಟ್‌ಗೆ ಇಳಿಸಿ ಸೆರಗನ್ನು ಹೊರಗೆ ಕಟ್ಟಿದೆ. ಆರು ಸಲ ಒಗೆದು ಬಿಸಿಲಿಗೆ ಹಾಕಿದೆ. ಸೆರಗನ್ನು ಒಣಗಿರುವಾಗಲೇ ನಯವಾದ ಉಪ್ಪುಕಾಗದದಿಂದ ಸವರಿದೆ, ಅದೂ ಕೈ ಒರೆಸುವ ಜಾಗದಲ್ಲಿ ಮಾತ್ರ. ಸವೆತ ಎಲ್ಲ ಕಡೆ ಒಂದೇ ಸಮ ಇದ್ದರೆ ಸುಳ್ಳು ಅಂತ ಕಾಣುತ್ತದೆ. ಅಡುಗೆ ಮಾಡುವವಳ ಸೀರೆ ಕಟ್ಟೆಗೆ ತಾಗುವ ಹೊಟ್ಟೆಯ ಹತ್ತಿರ ಮತ್ತು ಕೆಳ ಅಂಚಿನಲ್ಲಿ ಮೊದಲು ಸವೆಯುತ್ತದೆ.

ನನ್ನ ದೊಡ್ಡ ತಪ್ಪು ಎರಡನೇ ಸೀಸನ್‌ನದು. ಖಾನಾವಳಿ ಬಂತು, ದುಡ್ಡು ಬಂತು. ದಾದರ್‌ನ ಹಿಂದಮಾತಾ ಬಟ್ಟೆ ಮಾರುಕಟ್ಟೆಯಲ್ಲಿ ಎರಡು ದಿನ ಸುತ್ತಿ ಹನ್ನೊಂದು ಸೀರೆ ತಂದೆ, ಎಲ್ಲ ಹೊಸದು. ಲುಕ್ ಟೆಸ್ಟ್ ದಿನ ಅಕ್ಕನ ಪಾತ್ರ ಮಾಡುವವರು ಕನ್ನಡಿ ಮುಂದೆ ಸುಮ್ನೆ ನಿಂತರು. "ಇವಳು ನನಗೆ ಗೊತ್ತಿಲ್ಲ" ಅಂದರು. ಅಷ್ಟೇ ಅಂದದ್ದು. ಅವತ್ತು ಸಂಜೆ ನಮ್ಮ ಕಟ್ಟಡದ ಕಾಕು ಹತ್ತಿರ ಹೇಳಿಕೊಂಡೆ. ಅವರು ಬಾದಾಮಿ ಕಡೆಯವರು, ಡೊಂಬಿವಲಿಗೆ ಬಂದು ಬಹಳ ವರ್ಷ ಆಯಿತು.

"ರೊಕ್ಕ ಬಂದ ಕೂಡ್ಲೆ ಸೀರಿ ಯಾರು ತಗೋತಾರ, ತಂಗಿ? ಮೊದ್ಲ ಜಂಪರ್ ಛಲೋ ಹೊಲಿಸ್ಕೋತಾರ. ಹಳೇ ಸೀರಿಗೆ ಹೊಸಾ ಜಂಪರ್."

ರಾತ್ರಿ ಪಟ್ಟಿಯನ್ನು ಮತ್ತೆ ಬರೆದೆ. ಸ್ಕ್ರಿಪ್ಟ್‌ನಲ್ಲಿ ಕಥೆಯ ದಿನಗಳನ್ನು ಎಣಿಸಿದರೆ ಇಪ್ಪತ್ತಾರು ಬಂದವು. ಪ್ರತಿ ದಿನದ ಎದುರು ಅವಳ ಕೈಯಲ್ಲಿ ಆಗ ಎಷ್ಟು ದುಡ್ಡಿದೆ, ಅವತ್ತು ಯಾರನ್ನು ನೋಡಲು ಹೋಗುತ್ತಾಳೆ ಎಂದು ಬರೆದೆ. ಹೊಸ ಬಟ್ಟೆ ಬರುವುದಾದರೆ ಕಥೆಯಲ್ಲಿ ಅದಕ್ಕೆ ಕಾರಣ ಇರಬೇಕು. ಹನ್ನೊಂದರಲ್ಲಿ ಏಳು ಸೀರೆ ವಾಪಸು ಹೋದವು. ಮೊದಲ ಸೀಸನ್‌ನ ಐದು ಸೀರೆ ಮತ್ತೆ ಬಂದವು.

ಬದಲಾವಣೆಯನ್ನೆಲ್ಲ ಜಂಪರ್‌ಗೆ ಕೊಟ್ಟೆ. ಮೊದಲ ಸೀಸನ್‌ನಲ್ಲಿ ಗುಳೇದಗುಡ್ಡ ಖಣದ ಜಂಪರ್, ಹೆಗಲು ಸಡಿಲ, ಮೊಣಕೈವರೆಗೆ ತೋಳು. ಬೇರೆಯವರ ಅಳತೆಯಲ್ಲಿ ಹೊಲಿದ ಹಾಗೆ ಬೇಕೆಂದೇ ಹೆಗಲನ್ನು ಅರ್ಧ ಇಂಚು ಇಳಿಸಿದ್ದೆ. ಎರಡನೇ ಸೀಸನ್‌ನ ನಾಲ್ಕನೇ ಕಂತಿನಲ್ಲಿ ಅವಳು ಸಾಲಕ್ಕೆ ಬ್ಯಾಂಕಿಗೆ ಹೋಗುತ್ತಾಳೆ. ಅವತ್ತು ಅದೇ ಖಣ, ಆದರೆ ಅವಳದೇ ಅಳತೆ. ಹೆಗಲ ಹೊಲಿಗೆ ಹೆಗಲ ಮೂಳೆಯ ಮೇಲೇ ಕೂತಿತು. ಮೇಲೆ ಹಳೆಯ ಹಸಿರು ಇಳಕಲ್. ನೋಡುವವರಿಗೆ ಏನು ಬದಲಾಗಿದೆ ಎಂದು ಹೇಳಲು ಬರಲಿಕ್ಕಿಲ್ಲ, ಆದರೆ ಅವಳು ನೆಟ್ಟಗೆ ಕೂತ ಹಾಗೆ ಕಾಣುತ್ತಾಳೆ. ಆ ಶಾಟ್ ಆದ ಮೇಲೆ ಪಾತ್ರ ಮಾಡುವವರು ನನ್ನ ಕೈ ಹಿಡಿದುಕೊಂಡರು.

ಮೂರನೇ ಸೀಸನ್‌ನಲ್ಲಿ ಸೀರೆಗಳು ಜಾಸ್ತಿ ಆದವು, ಆದರೆ ನಾನು ಗಮನ ಇಟ್ಟದ್ದು ಉಡುವ ರೀತಿಯ ಮೇಲೆ. ಮೊದಲು ಅಂಚು ಕಣಕಾಲಿನ ಮೇಲಿತ್ತು, ಅಡುಗೆಮನೆಯ ನೆಲ ಒದ್ದೆ ಇರುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿರುತ್ತಿತ್ತು. ಈಗ ಅಂಚು ಚಪ್ಪಲಿ ಮುಚ್ಚುತ್ತದೆ, ಸೆರಗಿನ ನೆರಿಗೆಗೆ ಪಿನ್ ಬಂದಿದೆ. ಅವಳು ಒಲೆಯಿಂದ ದೂರ ಹೋಗಿದ್ದಾಳೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪಿನ್ ಹಾಕಿದ ಸೆರಗನ್ನು ಸೊಂಟಕ್ಕೆ ಎಳೆಯಲು ಬರುವುದಿಲ್ಲ, ಅದರಿಂದಲೇ ಗೊತ್ತಾಗುತ್ತದೆ.

ಹಸಿರು ಇಳಕಲ್ ಎಲ್ಲಿ ಹೋಯಿತು ಎಂದು ನಿರ್ದೇಶಕರು ಕೇಳಿದರು. ಆ ಕಡೆಯ ಮನೆಗಳಲ್ಲಿ ಹಳೆ ಸೀರೆ ಕೌದಿಯಾಗುತ್ತದೆ. ಸವೆದ ಎರಡೂ ಸೀರೆಗಳನ್ನು ಕತ್ತರಿಸಿ ಕಾಕು ಹತ್ತಿರವೇ ಕೌದಿ ಹೊಲಿಸಿದೆ. ಕೆಂಪು ಸೆರಗನ್ನು ನಡುವೆ ಇಟ್ಟರು. ಅದು ಅವಳ ಹೊಸ ಫ್ಲ್ಯಾಟ್‌ನ ಮಂಚದ ಕಾಲ ಬಳಿ ಮಡಿಸಿಟ್ಟ ಹಾಗೆ ಮೂರು ದೃಶ್ಯಗಳಲ್ಲಿ ಇದೆ. ಕ್ಯಾಮೆರಾ ಅದರ ಮೇಲೆ ನಿಲ್ಲುವುದು ಬೇಡ ಎಂದು ಕೇಳಿಕೊಂಡೆ. ಅವರು ಒಪ್ಪಿದರು.

ಶೂಟಿಂಗ್ ಮುಗಿದು ಎರಡು ತಿಂಗಳಿಗೆ ಪ್ಯಾಚ್ ವರ್ಕ್‌ಗೆ, ಅಂದರೆ ಬಿಟ್ಟುಹೋದ ದೃಶ್ಯ ತೆಗೆಯಲು, ಕರೆ ಬಂತು. ಎಡಿಟಿಂಗ್‌ನಲ್ಲಿ ಒಂದು ಹಿಂದಿನ ನೆನಪಿನ ದೃಶ್ಯ ಬೇಕಾಗಿತ್ತು. ಅಕ್ಕ ಡೊಂಬಿವಲಿಗೆ ಬಂದಿಳಿದ ಮೊದಲ ದಿನ. ಮೊದಲ ಕಂತಿನ ಹೊಸ ಸೀರೆ ಆಗಲೇ ಬಳಸಿ ಬಳಸಿ ಸೋತಿತ್ತು. ಮೀಸಲು ಸೀರೆ ಮಾತ್ರ ಟ್ರಂಕಿನಲ್ಲಿ ಹಾಗೇ ಇತ್ತು. ಮುಂಬೈ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ ಎಂದು ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿದ್ದೆ. ಒಂದೇ ಗೆರೆಯಲ್ಲಿ ನೂಲು ಮುರಿಯದಿರಲಿ ಎಂದು ಆಗಾಗ ಮಡಿಕೆ ಬದಲಿಸುತ್ತಿದ್ದೆ. ಸೀರೆಗೆ ಏನೂ ಆಗಿರಲಿಲ್ಲ. ಖಣದ ಜಂಪರ್ ಮಾತ್ರ ಬಿಗಿಯಾಯಿತು, ನಡುವೆ ನಾಲ್ಕು ವರ್ಷ ಕಳೆದಿತ್ತಲ್ಲ. ಹೊಲಿಸುವಾಗ ಒಳಗೆ ಎರಡೂ ಬದಿ ಒಂದೂವರೆ ಇಂಚು ಬಟ್ಟೆ ಬಿಡಿಸಿದ್ದೆ. ಸೆಟ್‌ನಲ್ಲಿ ಬಟ್ಟೆ ನೋಡಿಕೊಳ್ಳುವ ಡ್ರೆಸ್ ದಾದಾ ಹದಿನೈದು ನಿಮಿಷದಲ್ಲಿ ಹೊಲಿಗೆ ಬಿಚ್ಚಿ ಮತ್ತೆ ಹಾಕಿದರು. ಒಳಗಿದ್ದ ಖಣದ ಬಣ್ಣ ಸ್ವಲ್ಪ ಗಾಢವಾಗಿತ್ತು, ಕಂಕುಳ ಕೆಳಗೆ ಸಣ್ಣ ಗೆರೆಯಾಗಿ ಕಂಡಿತು. ಸೆರಗನ್ನು ಆ ಬದಿಗೆ ಹೊದಿಸಿದೆವು.